ಇ-ಮೇಲ್‌ನಲ್ಲಿ ಪ್ರಶ್ನೆಗೊಂದು ನಂಬರು

ಕೋಠಿಯಲ್ಲಿ ಹೋಟೆಲ್ ನಡೆಸುತ್ತಾ ಚಿಕ್ಕಮಗಳೂರಿನಿಂದ ಕಾಫಿಪುಡಿ ತರಿಸುವವರು ದರ, ಚಿಕೋರಿ, ಲಾರಿ ಬಾಡಿಗೆ, ಉದ್ದರಿ ಎಲ್ಲವನ್ನೂ ಒಂದೇ ಉಸಿರಿಗೆ ಬರೆದು ಇ-ಮೇಲ್ ಕಳಿಸುವುದುಂಟು. ಅಲ್ಲಿನ ಗುಮಾಸ್ತರು ಮೊದಲು ಕಂಡ ದರಕ್ಕಷ್ಟೇ ಉತ್ತರ ಬರೆದು ಮುಗಿಸುತ್ತಾರೆ. ಉಳಿದದ್ದಕ್ಕೆ ಮತ್ತೆ ಫೋನು. ಅದನ್ನೇ ಹೀಗೆ ಕೇಳಬಹುದು:

ನಮಗೆ 50 ಕಿಲೋ ಪುಡಿ ಬೇಕು. ದಯವಿಟ್ಟು ಇದೇ ನಂಬರು ಹಾಕಿ ಉತ್ತರಿಸಿ.
1. ಚಿಕೋರಿ ಶೇಕಡಾ ಎಷ್ಟು?
2. ಜಿಎಸ್‌ಟಿ ಸೇರಿ ಕಿಲೋಗೆ ದರ ಎಷ್ಟು?
3. ಕೋಠಿಗೆ ಮುಟ್ಟಿಸುವ ಬಾಡಿಗೆ ಯಾರದು?
4. ಹಣ ಕೊಡಲು ಎಷ್ಟು ದಿನ ವಾಯಿದೆ?

ಚಿಕೋರಿಯನ್ನು ಮೊದಲು ಇಟ್ಟದ್ದು ಸುಮ್ಮನೆ ಅಲ್ಲ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಬಾರದೆಂಬುದು ಆಹಾರ ಸುರಕ್ಷತಾ ನಿಯಮ. ಆದರೆ 80–20ರ ಪುಡಿಗೂ 60–40ರ ಪುಡಿಗೂ ದರ ಒಂದೇ ಆಗುವುದಿಲ್ಲ. ಪ್ರಮಾಣ ತಿಳಿಯದೆ ದರ ಹೋಲಿಸಿ ಏನು ಲಾಭ?

ಒಂದು ನಂಬರಿಗೆ ಒಂದೇ ಪ್ರಶ್ನೆ. ಮೂರನೆಯದರಲ್ಲೇ "ಎಷ್ಟು ದಿನಕ್ಕೆ ಬರುತ್ತದೆ?" ಎಂದೂ ಸೇರಿಸಿದರೆ "ಬಾಡಿಗೆ ನಿಮ್ಮದು" ಎಂದು ಬರುತ್ತದೆ, ದಿನದ ಮಾತೇ ಇರುವುದಿಲ್ಲ. ಅದನ್ನು ಐದನೆಯದಾಗಿ ಬರೆಯಿರಿ.

ನಂಬರಿನ ಬದಲು ಬರೀ ಚುಕ್ಕೆ ಇಟ್ಟರೂ ಓದಲು ಸುಲಭವೇ. ಆದರೆ ಚುಕ್ಕೆಗೆ ಹೆಸರಿಲ್ಲ. ನಂಬರಿದ್ದರೆ ಉತ್ತರದಲ್ಲಿ 1, 2, 4 ಮಾತ್ರ ಬಂದದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ; "3ಕ್ಕೆ ಉತ್ತರ ಬಾಕಿ" ಎಂದು ಒಂದು ಸಾಲು ಬರೆದರೆ ಸಾಕು.

ಪುಡಿ ಸೀದ ವಾಸನೆ ಬರುತ್ತಿದೆ ಎಂಬಂಥ ದೂರಿಗೆ ಮಾತ್ರ ಈ ಕ್ರಮ ಬೇಡ. ಚೀಲ ಎಂದು ಬಂತು, ಯಾವಾಗ ಒಡೆದಿರಿ ಎಂಬುದನ್ನು ಬಿಡಿಸಿ ಬರೆದು, ಕೊನೆಯಲ್ಲಿ ಬದಲಿ ಪುಡಿ ಬೇಕೋ ಹಣ ವಾಪಸು ಬೇಕೋ ತಿಳಿಸಿ.