ಮೊಬೈಲ್ ಫೋಟೊದಲ್ಲಿ ಉಳಿದ ವಿಮಾ ಬಾಂಡ್: ನಾಲ್ಕು ವಿವರ ಓದುವ ಬಗೆ

2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಇಂಥ ದಿನಗಳಲ್ಲಿ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟ ಕಾಗದಗಳೇ ಮೊದಲು ಒದ್ದೆಯಾಗುತ್ತವೆ. ಆಗ ಹಲವರ ಬಳಿ ಉಳಿಯುವುದು ಯಾವಾಗಲೋ ಮೊಬೈಲಿನಲ್ಲಿ ತೆಗೆದಿಟ್ಟ ವಿಮಾ ಬಾಂಡಿನ ಫೋಟೊ ಮಾತ್ರ. ಬಾಂಡ್ ಹಾಳಾಯಿತು ಎಂದ ಮಾತ್ರಕ್ಕೆ ಪಾಲಿಸಿ ರದ್ದಾಗುವುದಿಲ್ಲ. ಕಂಪನಿಯ ದಾಖಲೆಯಲ್ಲಿ ಅದು ಇದ್ದೇ ಇರುತ್ತದೆ. ಆ ದಾಖಲೆಯನ್ನು ತಲುಪಲು ಫೋಟೊದಿಂದ ಸರಿಯಾದ ವಿವರ ಓದಿಕೊಳ್ಳಬೇಕು, ಅಷ್ಟೆ.

ಬಾಂಡಿನಲ್ಲಿ ಚೌಕಗಳಿರುವ ಪುಟಕ್ಕೆ ಶೆಡ್ಯೂಲ್ ಎನ್ನುತ್ತಾರೆ. ನಮಗೆ ಬೇಕಾದ ನಾಲ್ಕೂ ವಿವರ ಅಲ್ಲೇ ಇವೆ: ಪಾಲಿಸಿ ನಂಬರ್, ವಿಮಾ ಮೊತ್ತ, ಪ್ರೀಮಿಯಂ ಕಂತು, ಕಟ್ಟಬೇಕಾದ ದಿನಾಂಕಗಳು.

ಒಂದು ಉದಾಹರಣೆ

ಚನ್ನಪಟ್ಟಣದ ಬೊಂಬೆ ಕೆಲಸಗಾರರೊಬ್ಬರು ಎಲ್‌ಐಸಿ ಪಾಲಿಸಿ ಮಾಡಿಸಿದ್ದಾರೆ ಎಂದುಕೊಳ್ಳೋಣ. ಫೋಟೊದಲ್ಲಿ ಪಾಲಿಸಿ ಆರಂಭದ ದಿನ 28/03/2014 ಎಂದು ಸ್ಪಷ್ಟವಾಗಿದೆ. ಪಕ್ಕದಲ್ಲಿ 814-21-21 ಎಂದಿದೆ. ಇಲ್ಲಿ 814 ಎಂಬುದು ಯೋಜನೆಯ ಸಂಖ್ಯೆ. ಮುಂದಿನ ಎರಡು ಸಂಖ್ಯೆಗಳು ಪಾಲಿಸಿಯ ಅವಧಿ ಮತ್ತು ಕಂತು ಕಟ್ಟುವ ಅವಧಿ, ಎರಡೂ 21 ವರ್ಷ. ವಿಮಾ ಮೊತ್ತ 2,00,000 ರೂಪಾಯಿ, ಕಂತು ಅರ್ಧವಾರ್ಷಿಕ. ಆದರೆ ಕಾಗದ ಮಡಿಸಿದ ಗೆರೆಯ ಮೇಲೆ ಮುಕ್ತಾಯದ ವರ್ಷದ ಕೊನೆಯ ಅಂಕಿ ಮಸುಕಾಗಿದೆ. ಅದು 2035 ಆಗಿರಬಹುದು, 2036 ಆಗಿರಬಹುದು.

ಊಹೆ ಬೇಡ, ಲೆಕ್ಕ ಮಾಡಿ. 2014ಕ್ಕೆ 21 ಸೇರಿಸಿದರೆ 2035. ಮುಕ್ತಾಯ 28/03/2035. ಕಂತು ಆರು ತಿಂಗಳಿಗೊಮ್ಮೆ ಇರುವುದರಿಂದ ಕೊನೆಯ ಕಂತು ಮುಕ್ತಾಯಕ್ಕೆ ಆರು ತಿಂಗಳು ಮೊದಲು, ಅಂದರೆ 28/09/2034ರಂದು ಬರಬೇಕು. ಶೆಡ್ಯೂಲಿನಲ್ಲಿ ಕೊನೆಯ ಕಂತಿನ ದಿನವೂ ಅಚ್ಚಾಗಿರುತ್ತದೆ. ಅದು ನಿಮ್ಮ ಲೆಕ್ಕಕ್ಕೆ ತಾಳೆಯಾದರೆ ಓದಿದ್ದು ಸರಿ. ತಾಳೆಯಾಗದಿದ್ದರೆ ಯಾವುದೋ ಅಂಕಿ ತಪ್ಪಾಗಿದೆ.

ಪಾಲಿಸಿ ನಂಬರಿಗೆ ಇಂಥ ಲೆಕ್ಕವಿಲ್ಲ. ಎಲ್‌ಐಸಿಯಲ್ಲಿ ಅದು ಒಂಬತ್ತು ಅಂಕಿಯದು. 3 ಮತ್ತು 8, 1 ಮತ್ತು 7 ಅದಲುಬದಲಾಗುವುದು ಸಾಮಾನ್ಯ. ಹತ್ತಿರದಲ್ಲೇ ಇರುವ ಪ್ರಪೋಸಲ್ ನಂಬರನ್ನು ಪಾಲಿಸಿ ನಂಬರೆಂದು ಬರೆದುಕೊಳ್ಳುವವರೂ ಇದ್ದಾರೆ. ಹಳೆಯ ಪ್ರೀಮಿಯಂ ರಸೀದಿಯಲ್ಲೂ ಪಾಲಿಸಿ ನಂಬರ್ ಇರುತ್ತದೆ, ಅದರ ಜೊತೆ ಒಂದೊಂದೇ ಅಂಕಿ ಹೋಲಿಸಿ.

ಹಣದ ಎರಡು ಗೊಂದಲ

ಅಪಘಾತ ವಿಮೆ ಇದ್ದರೆ ಅದರ ಮೊತ್ತವೂ ಬೇರೆ ಚೌಕದಲ್ಲಿ ಇರುತ್ತದೆ. ಅದೂ ಎರಡು ಲಕ್ಷವೇ ಆಗಿದ್ದರೆ, ಮೂಲ ವಿಮಾ ಮೊತ್ತಕ್ಕೆ ಕೂಡಿಸಿ ನಾಲ್ಕು ಲಕ್ಷದ ಪಾಲಿಸಿ ಎಂದು ಎಣಿಸಬೇಡಿ.

ಶೆಡ್ಯೂಲಿನ ಕಂತಿಗೂ ರಸೀದಿಯ ಹಣಕ್ಕೂ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಶೆಡ್ಯೂಲಿನಲ್ಲಿ ಕಂತು 4,836 ರೂಪಾಯಿ ಇದ್ದರೆ, ಶೇಕಡಾ 2.25 ಜಿಎಸ್‌ಟಿ ಸೇರಿದ ಹಳೆಯ ರಸೀದಿಯಲ್ಲಿ ಸುಮಾರು 109 ರೂಪಾಯಿ ಹೆಚ್ಚು ಕಾಣುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಗೆ ಜಿಎಸ್‌ಟಿ ಇಲ್ಲ.

ಗಡುವು ಮತ್ತು ಗ್ರೇಸ್ ಅವಧಿ

ಈ ಪಾಲಿಸಿಗೆ ಪ್ರತಿ ಮಾರ್ಚ್ 28 ಮತ್ತು ಸೆಪ್ಟೆಂಬರ್ 28 ಕಂತಿನ ದಿನ. ಕಟ್ಟಲು ತಡವಾದರೆ ಒಂದು ತಿಂಗಳು, 30 ದಿನಕ್ಕೆ ಕಡಿಮೆಯಿಲ್ಲದಂತೆ, ಗ್ರೇಸ್ ಅವಧಿ ಇದೆ. ತಿಂಗಳ ಕಂತಾದರೆ 15 ದಿನ ಮಾತ್ರ. ಈ ಅವಧಿಯೊಳಗೆ ವಿಮೆದಾರರು ತೀರಿಕೊಂಡರೂ ಬಾಕಿ ಕಂತನ್ನು ಮುರಿದುಕೊಂಡು ಕ್ಲೇಮ್ ಕೊಡಬೇಕು. ಆದ್ದರಿಂದ ದಿನಾಂಕದ ಒಂದು ಅಂಕಿ ತಪ್ಪಿದರೂ ಮನೆಯವರಿಗೆ ನಷ್ಟವಾಗಬಹುದು.

ಮುಂದಿನ ಹೆಜ್ಜೆ

ಎಷ್ಟು ವರ್ಷ ಕಂತು ಕಟ್ಟಿದ್ದಾರೆ, ಪಾಲಿಸಿ ಈಗ ಚಾಲ್ತಿಯಲ್ಲಿದೆಯೇ, ಸಾಲ ಪಡೆದಿದ್ದಾರೆಯೇ ಎಂಬುದನ್ನು ಫೋಟೊ ಹೇಳುವುದಿಲ್ಲ. ಶೆಡ್ಯೂಲಿನ ಮೇಲ್ಭಾಗದಲ್ಲಿ ಹೆಸರಿರುವ ಶಾಖೆಗೆ ಗುರುತಿನ ಚೀಟಿಯೊಂದಿಗೆ ಹೋಗಿ ಪಾಲಿಸಿಯ ಸ್ಟೇಟಸ್ ರಿಪೋರ್ಟ್ ಕೇಳಿ. ಬಾಂಡ್ ಕಳೆದಿದ್ದರೆ ನಕಲು ಬಾಂಡಿಗೆ ಅರ್ಜಿ ಕೊಡಿ. ಅದಕ್ಕೆ ನಷ್ಟಭರ್ತಿ ಪತ್ರ ಕೇಳುತ್ತಾರೆ.

ಹಣದ ವಿಷಯದಲ್ಲಿ ತಕರಾರಿದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಿಗೆಲ್ಲ ಅದೇ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ಉತ್ತರ ಬಂದ ಅಥವಾ ಆ ಒಂದು ತಿಂಗಳು ಮುಗಿದ ಮೇಲೆ ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು.

ಶೆಡ್ಯೂಲಿನಲ್ಲಿ ಹುಟ್ಟಿದ ದಿನ, ವಿಳಾಸ, ನಾಮಿನಿಯ ಹೆಸರು ಎಲ್ಲವೂ ಇರುತ್ತವೆ. ಬೋನಸ್ ಬಂದಿದೆ ಎಂದು ಫೋನ್ ಮಾಡುವವರಿಗೆ ಈ ಫೋಟೊ ಕಳಿಸಬೇಡಿ. ಬಾಂಡ್ ಇನ್ನೂ ಚೆನ್ನಾಗಿದ್ದರೆ ಇವತ್ತೇ ಅದನ್ನು ಹಗಲು ಬೆಳಕಿನಲ್ಲಿ ಬಿಡಿಸಿಟ್ಟು, ನೇರವಾಗಿ ಮೇಲಿನಿಂದ ಫೋಟೊ ತೆಗೆಯಿರಿ. ನಾಲ್ಕು ವಿವರವನ್ನೂ ಒಂದು ಚೀಟಿಯಲ್ಲಿ ಬರೆದು ನಾಮಿನಿಯ ಕೈಗೆ ಕೊಡಿ.