ಸೆಕ್ಷನ್ 63 ಲಂಡನ್ನಿನಲ್ಲಿ ನಡೆಯುವುದಿಲ್ಲ

ಪ್ರಶ್ನೆ: ರೋಣ, ನರಗುಂದದ ಕೋರ್ಟುಗಳಲ್ಲಿ ಎಂಟು ವರ್ಷ ಸಿವಿಲ್ ವಕೀಲಿಕೆ ಮಾಡಿದ್ದೇನೆ. ಯಜಮಾನರ ನೌಕರಿಗಾಗಿ ಲಂಡನ್ನಿಗೆ ಹೋಗಬೇಕಿದೆ. ಅಲ್ಲಿ ಸಾಲಿಸಿಟರ್ ಆಗಲು ಎಸ್‌ಕ್ಯೂಇ ಪರೀಕ್ಷೆ ಬರೆಯಲಿದ್ದೇನೆ. ಕರಾರು, ಟಾರ್ಟ್ ನನ್ನ ದಿನನಿತ್ಯದ ಕೆಲಸ. ಆದರೂ ಮಾದರಿ ಪ್ರಶ್ನೆಗಳಲ್ಲಿ ಅವುಗಳಲ್ಲೇ ಅಂಕ ಹೋಗುತ್ತಿವೆ. ಏನು ಮಾಡಲಿ?
– ಗಜೇಂದ್ರಗಡದ ಓದುಗಿ

ಉತ್ತರ: ನಿಮಗೆ ಬಾಯಿಪಾಠವಾಗಿರುವ ಕಾನೂನೇ ನಿಮ್ಮನ್ನು ತಪ್ಪು ಉತ್ತರದ ಕಡೆ ಎಳೆಯುತ್ತಿದೆ. ಎಸ್‌ಕ್ಯೂಇಯ ಮೊದಲ ಹಂತದಲ್ಲಿ ಪ್ರತಿ ಪ್ರಶ್ನೆಗೂ ಐದು ಆಯ್ಕೆಗಳಿರುತ್ತವೆ. ಭಾರತದಲ್ಲಿ ಸರಿಯಾಗುವ ಉತ್ತರವೂ ಅವುಗಳಲ್ಲಿ ಸೇರಿರಬಹುದು. ನಮ್ಮ 1872ರ ಕರಾರು ಕಾಯ್ದೆ ಇಂಗ್ಲಿಷ್ ಕಾನೂನಿನ ಮೇಲೆಯೇ ನಿಂತಿದೆ. ಹಾಗಾಗಿ ಎರಡೂ ಒಂದೇ ಎಂಬ ಭರವಸೆ ಮೂಡುತ್ತದೆ. ನಮ್ಮ ಕಾಯ್ದೆ ಬೇರೆ ದಾರಿ ಹಿಡಿದ ಕಡೆಯೇ ನೀವು ಎಡವುತ್ತೀರಿ.

ನಿಮ್ಮೂರಿನದೇ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸೀರೆ ನೇಯಿಸುವವರೊಬ್ಬರು ನೂಲಿನ ಅಂಗಡಿಗೆ 5 ಲಕ್ಷ ರೂಪಾಯಿ ಬಾಕಿ ಇದ್ದಾರೆ. ಗಡುವಿನ ದಿನ 3 ಲಕ್ಷ ಕೊಟ್ಟು, 'ಇಷ್ಟಕ್ಕ ಚುಕ್ತಾ ಮಾಡ್ರಿ' ಎನ್ನುತ್ತಾರೆ. ಅಂಗಡಿಯವರು ಒಪ್ಪಿ ರಸೀದಿ ಬರೆದುಕೊಡುತ್ತಾರೆ. ಆಮೇಲೆ ಉಳಿದ 2 ಲಕ್ಷಕ್ಕೆ ದಾವೆ ಹೂಡಿದರೆ, ಸೆಕ್ಷನ್ 63ರ ಪ್ರಕಾರ ದಾವೆ ವಜಾ ಆಗುತ್ತದೆ. ಸಾಲ ಬಿಟ್ಟುಕೊಡಲು ಇಲ್ಲಿ ಪ್ರತಿಫಲ ಬೇಕಿಲ್ಲ.

ಇಂಗ್ಲೆಂಡಿನಲ್ಲಿ ಬೇಕು. 1884ರ ಫೋಕ್ಸ್ ವಿರುದ್ಧ ಬೀರ್ ತೀರ್ಪಿನ ಪ್ರಕಾರ, ಕಡಿಮೆ ಹಣ ಕೊಟ್ಟದ್ದಷ್ಟೇ ಪೂರ್ತಿ ಸಾಲಕ್ಕೆ ಪ್ರತಿಫಲವಾಗದು. ಅಲ್ಲಿ ಉಳಿದ ಹಣವನ್ನು ಕೇಳುವ ಹಕ್ಕು ಉಳಿಯುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿ ಮೂರು ಸಂಗತಿ ಹುಡುಕಿ: ಸಾಲಗಾರ ಗಡುವಿಗೆ ಮೊದಲೇ ಕೊಟ್ಟನೇ? ಸಾಲ ಕೊಟ್ಟವರ ಮಾತಿನಂತೆ ಬೇರೆ ಸ್ಥಳದಲ್ಲಿ ಕೊಟ್ಟನೇ? ಹಣದ ಜೊತೆ ಬೇರೇನಾದರೂ ಕೊಟ್ಟನೇ? ಒಂದಿದ್ದರೂ ಒಪ್ಪಂದ ನಿಲ್ಲುತ್ತದೆ. ಯಾವುದೂ ಇಲ್ಲದಿದ್ದರೆ ಪ್ರಾಮಿಸರಿ ಎಸ್ಟಾಪಲ್ ನೋಡಿ. ಸಾಲ ಕೊಟ್ಟವರ ಕಷ್ಟ ನೋಡಿ ಒತ್ತಡ ಹಾಕಿದ ಸಾಲಗಾರನಿಗೆ 1966ರ ಡಿ ಅಂಡ್ ಸಿ ಬಿಲ್ಡರ್ಸ್ ಪ್ರಕರಣದಲ್ಲಿ ಆ ರಕ್ಷಣೆಯೂ ಸಿಗಲಿಲ್ಲ.

ಟಾರ್ಟ್‌ನಲ್ಲೂ ಇದೇ ಕಥೆ. ಅಪಾಯಕಾರಿ ಕಾರ್ಖಾನೆ ಎಂದೊಡನೆ ನಿಮಗೆ ಎಂ.ಸಿ. ಮೆಹ್ತಾ ಪ್ರಕರಣದ ಸಂಪೂರ್ಣ ಹೊಣೆ ನೆನಪಾಗುತ್ತದೆ. ಆ ತತ್ವ ಇಂಗ್ಲೆಂಡಿನಲ್ಲಿ ಇಲ್ಲ. ಅಲ್ಲಿ 1868ರ ರೈಲಂಡ್ಸ್ ವಿರುದ್ಧ ಫ್ಲೆಚರ್ ನಿಯಮವಿದೆ, ಅದಕ್ಕೂ ಮಿತಿಗಳಿವೆ. ಚರ್ಮ ಹದ ಮಾಡುವ ಕಾರ್ಖಾನೆಯ ರಾಸಾಯನಿಕ ನೆಲಕ್ಕಿಳಿದು ಕುಡಿಯುವ ನೀರಿನ ಕೊಳವೆಬಾವಿ ಕೆಟ್ಟ ಕೇಂಬ್ರಿಡ್ಜ್ ವಾಟರ್ ಪ್ರಕರಣದಲ್ಲಿ, ಆ ಬಗೆಯ ಹಾನಿಯನ್ನು ಆಗ ಊಹಿಸಲಾಗುತ್ತಿರಲಿಲ್ಲ ಎಂದು 1994ರಲ್ಲಿ ಪರಿಹಾರ ನಿರಾಕರಿಸಲಾಯಿತು.

ಈಗ ಹೀಗೆ ಮಾಡಿ. ತಪ್ಪಾದ ಪ್ರತಿ ಉತ್ತರದ ಪಕ್ಕದಲ್ಲಿ ಆ ಗಳಿಗೆ ನೆನಪಾದ ಭಾರತದ ಸೆಕ್ಷನ್ ಬರೆಯಿರಿ. ಬೇರೆಯವರಿಂದಲೂ ಪ್ರತಿಫಲ ಬರಬಹುದೆನ್ನುವ 2(ಡಿ), ಅಪ್ರಾಪ್ತರ ಕರಾರನ್ನು ಶೂನ್ಯವೆನ್ನುವ 11, ಸಾಲ ಮನ್ನಾದ 63 ಪದೇಪದೇ ಬಂದರೆ, ಬೇರೆಲ್ಲ ಬದಿಗಿಟ್ಟು ಆ ಮೂರರ ಇಂಗ್ಲಿಷ್ ನಿಯಮವನ್ನೇ ಮೊದಲು ಓದಿ.