ಸ್ಪ್ಯಾನಿಷ್‌ನ ‘ಗುಸ್ತಾರ್’: ಇಂಗ್ಲಿಷ್ ಬಿಡಿ, ಕನ್ನಡ ಹಿಡಿಯಿರಿ

ಸ್ಪ್ಯಾನಿಷ್ ಕಲಿಯಲು ಕೂತ ಮೊದಲ ತಿಂಗಳಲ್ಲೇ ‘ನನಗೆ ಕಾಫಿ ಇಷ್ಟ’ ಎಂದು ಹೇಳುವ ಪಾಠ ಬರುತ್ತದೆ. ಅಲ್ಲಿ ಬಹಳ ಜನ ಎಡವುತ್ತಾರೆ. ಕಾರಣ ಇಷ್ಟೇ: ನಾವು ಸ್ಪ್ಯಾನಿಷ್ ಕಲಿಯುವುದು ಇಂಗ್ಲಿಷ್ ಪುಸ್ತಕದಿಂದ. ಇಂಗ್ಲಿಷ್‌ನಲ್ಲಿ ಇಷ್ಟಪಡುವವನೇ ಕರ್ತೃ. ಅದೇ ಅಭ್ಯಾಸದಲ್ಲಿ ‘ನಾನು’ ಎಂಬರ್ಥದ ‘ಯೋ’ ಪದದಿಂದ ವಾಕ್ಯ ಶುರು ಮಾಡಿ ‘ಯೋ ಗುಸ್ತೋ ಕಫೆ’ ಎಂದು ಬರೆದುಬಿಡುತ್ತೇವೆ. ಅದು ತಪ್ಪು.

ಸರಿಯಾದದ್ದು ‘ಮೆ ಗುಸ್ತಾ ಎಲ್ ಕಫೆ’. ಮೆ ಅಂದರೆ ‘ನನಗೆ’. ಎಲ್ ಕಫೆ ಅಂದರೆ ‘ಕಾಫಿ’. ಗುಸ್ತಾ ಅಂದರೆ ‘ಇಷ್ಟವಾಗುತ್ತದೆ’. ಇಷ್ಟವಾಗುವ ಕೆಲಸ ಮಾಡುವುದು ಕಾಫಿ, ನಾನಲ್ಲ. ಕನ್ನಡದಲ್ಲಿ ನಾವು ದಿನವಿಡೀ ಮಾತಾಡುವುದೇ ಹೀಗೆ. ‘ನನಗೆ ಹಸಿವಾಯ್ತು’, ‘ಅವಳಿಗೆ ಬೇಜಾರಾಯ್ತು’, ‘ಅಮ್ಮನಿಗೆ ತಲೆ ನೋಯುತ್ತಿದೆ’. ಚತುರ್ಥಿ ವಿಭಕ್ತಿಯ ‘ಗೆ’ ಹಿಡಿದವರಿಗೆ ಗುಸ್ತಾರ್ ಅರ್ಧ ಕಲಿತಂತೆಯೇ. ಉಳಿದರ್ಧದಲ್ಲಿ ಎರಡು ಆಯ್ಕೆಗಳಿವೆ. ಅವೆರಡನ್ನೂ ಬೇರೆಬೇರೆಯಾಗಿಯೇ ಮಾಡಬೇಕು.

ಮೊದಲನೆಯ ಆಯ್ಕೆ: ಯಾರಿಗೆ?

‘ಗೆ’ ಹಚ್ಚಿದ ವ್ಯಕ್ತಿ ಯಾರು ಎಂದು ನೋಡಿ. ನನಗೆ ಎಂದರೆ ಮೆ, ನಿನಗೆ ಎಂದರೆ ತೆ, ಅವನಿಗೆ ಅಥವಾ ಅವಳಿಗೆ ಎಂದರೆ ಲೆ, ನಮಗೆ ಎಂದರೆ ನೋಸ್, ಅವರಿಗೆ (ಅನೇಕರಿಗೆ) ಎಂದರೆ ಲೆಸ್. ‘ನಿಮಗೆ’ ವಿಷಯದಲ್ಲಿ ತುಸು ನಿಲ್ಲಬೇಕು. ಗೌರವಕ್ಕೆ ಒಬ್ಬರನ್ನು ‘ನೀವು’ ಎಂದಾಗ ಸ್ಪ್ಯಾನಿಷ್‌ನಲ್ಲಿ ಆ ‘ನಿಮಗೆ’ ಕೂಡ ಲೆ ಆಗುತ್ತದೆ, ತೆ ಆಗುವುದಿಲ್ಲ. ಒಂದು ಗುಂಪಿಗೆ ಹೇಳುವ ‘ನಿಮಗೆ’ ಲ್ಯಾಟಿನ್ ಅಮೆರಿಕದಲ್ಲಿ ಲೆಸ್. ಸ್ಪೇನ್‌ನಲ್ಲಿ ಸಲುಗೆಯ ಗುಂಪಿಗೆ ಓಸ್ ಎಂಬ ಇನ್ನೊಂದು ರೂಪವಿದೆ.

ಲೆ, ಲೆಸ್ ಕೇಳಿದವರಿಗೆ ‘ಯಾರಿಗೆ?’ ಎಂಬ ಪ್ರಶ್ನೆ ಉಳಿದುಬಿಡಬಹುದು. ಅದನ್ನು ಬಿಡಿಸಲು ವಾಕ್ಯದ ಮುಂದೆ ‘ಅ’ ಸೇರಿಸಿ ಹೆಸರು ಹೇಳುತ್ತಾರೆ: ‘ಅ ಮಿ ಎರ್ಮಾನಾ ಲೆ ಗುಸ್ತಾ ಎಲ್ ಕಫೆ’, ಅಂದರೆ ನನ್ನ ತಂಗಿಗೆ ಕಾಫಿ ಇಷ್ಟ. ಇಲ್ಲಿ ನಮ್ಮ ಕನ್ನಡ ಕಿವಿ ತಕರಾರು ಮಾಡುತ್ತದೆ. ‘ತಂಗಿಗೆ’ ಎಂದು ಒಮ್ಮೆ ಹೇಳಿಯಾಯಿತಲ್ಲ, ಮತ್ತೆ ‘ಅವಳಿಗೆ’ ಯಾಕೆ ಎಂದು ಲೆ ಕೈಬಿಡುತ್ತೇವೆ. ಬಿಡಬಾರದು. ಗುಸ್ತಾರ್ ವಾಕ್ಯದಲ್ಲಿ ಹೆಸರನ್ನು ಬಿಡಬಹುದು, ಲೆಯನ್ನು ಬಿಡುವಂತಿಲ್ಲ. ಇಷ್ಟವಿಲ್ಲ ಎನ್ನುವುದಾದರೆ ‘ನೋ’ ಲೆಗೂ ಮೊದಲೇ ಬರುತ್ತದೆ: ‘ಅ ಮಿ ಎರ್ಮಾನಾ ನೋ ಲೆ ಗುಸ್ತಾ ಎಲ್ ಕಫೆ’.

ಎರಡನೆಯ ಆಯ್ಕೆ: ಏನು, ಎಷ್ಟು?

ಈಗ ವ್ಯಕ್ತಿಯನ್ನು ಪೂರ್ತಿ ಮರೆತುಬಿಡಿ. ಇಷ್ಟವಾಗುವುದು ಏನು ಎಂದು ಮಾತ್ರ ನೋಡಿ. ಅದು ಏಕವಚನವಾದರೆ ಗುಸ್ತಾ, ಬಹುವಚನವಾದರೆ ಗುಸ್ತಾನ್. ಬರಹದ ಕನ್ನಡದಲ್ಲಿ ‘ಇಷ್ಟವಾಗುತ್ತದೆ’, ‘ಇಷ್ಟವಾಗುತ್ತವೆ’ ಎಂದು ಬೇರೆ ಮಾಡುತ್ತೇವಲ್ಲ, ಅದೇ ಲೆಕ್ಕ.

ಆದರೆ ನಮ್ಮ ಆಡುಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ‘ನನಗೆ ನಾಯಿ ಅಂದ್ರೆ ಇಷ್ಟ’ ಎನ್ನುತ್ತೇವೆ. ಊರಿನ ಎಲ್ಲ ನಾಯಿಗಳೂ ಆ ಒಂದು ‘ನಾಯಿ’ಯಲ್ಲಿ ಬಂದುಬಿಡುತ್ತವೆ. ಕ್ರಿಯಾಪದವಂತೂ ಇರುವುದೇ ಇಲ್ಲ. ಇದನ್ನು ಹಾಗೇ ಹೊತ್ತು ಹೋಗಿ ‘ಮೆ ಗುಸ್ತಾ ಎಲ್ ಪೆರ್ರೋ’ ಎಂದರೆ ಕೇಳುವವರು ‘ಯಾವ ನಾಯಿ?’ ಎಂದು ಸುತ್ತ ನೋಡುತ್ತಾರೆ. ಎಣಿಸಬಹುದಾದ ಪ್ರಾಣಿ, ವಸ್ತುಗಳನ್ನು ಒಟ್ಟಾರೆ ಇಷ್ಟ ಎನ್ನುವಾಗ ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಬಹುವಚನ ಬೇಕು: ‘ಮೆ ಗುಸ್ತಾನ್ ಲೋಸ್ ಪೆರ್ರೋಸ್’. ಕಾಫಿ, ಅನ್ನ, ಸಂಗೀತದಂಥ ಎಣಿಸಲಾಗದವು ಏಕವಚನದಲ್ಲೇ ಉಳಿಯುತ್ತವೆ. ಎಲ್, ಲಾ, ಲೋಸ್, ಲಾಸ್ ಎಂಬ ಮುಂಪದಗಳನ್ನೂ ಹಾರಿಸಬೇಡಿ. ಕನ್ನಡದಲ್ಲಿ ಅಂಥದ್ದು ಇಲ್ಲವಾದ್ದರಿಂದ ನಮಗೆ ಅವು ಸುಲಭವಾಗಿ ಮರೆತುಹೋಗುತ್ತವೆ.

ಇಷ್ಟವಾಗುವುದು ಒಂದು ಕೆಲಸವಾದರೆ, ಅಂದರೆ ಹಾಡುವುದು, ಕುಣಿಯುವುದು ಇಂಥದ್ದಾದರೆ, ಯಾವಾಗಲೂ ಗುಸ್ತಾ. ಎರಡು ಕೆಲಸ ಹೇಳಿದರೂ ಅದೇ: ‘ಮೆ ಗುಸ್ತಾ ಕಂತಾರ್ ಇ ಬಯ್ಲಾರ್’. ‘ಹಾಡೋದು ಕುಣಿಯೋದು ಇಷ್ಟ’ ಎಂದ ಹಾಗೆ.

ಎರಡೂ ಆಯ್ಕೆ ಎದುರುಬದುರಾದಾಗ

ನಾನು ಕಂಡಂತೆ ಅತಿ ಹೆಚ್ಚು ತಪ್ಪುಗಳು ಹುಟ್ಟುವುದು ವ್ಯಕ್ತಿ ಒಬ್ಬರಾಗಿ ವಸ್ತು ಅನೇಕವಾದಾಗ, ಅಥವಾ ವ್ಯಕ್ತಿಗಳು ಅನೇಕರಾಗಿ ವಸ್ತು ಒಂದಾದಾಗ. ಒಂದು ಉದಾಹರಣೆಯನ್ನು ಹಂತಹಂತವಾಗಿ ಮಾಡೋಣ. ವಾಕ್ಯ: ‘ನನ್ನ ತಂಗಿಯರಿಗೆ ಕಾಫಿ ಇಷ್ಟ’.

ಮೊದಲು ‘ಗೆ’ ಹುಡುಕಿ: ತಂಗಿಯರಿಗೆ. ಅನೇಕರು, ಹಾಗಾಗಿ ‘ಅ ಮಿಸ್ ಎರ್ಮಾನಾಸ್ ಲೆಸ್’. ಇಲ್ಲಿಗೆ ತಂಗಿಯರ ಕೆಲಸ ಮುಗಿಯಿತು. ಈಗ ವಸ್ತು: ಕಾಫಿ, ಒಂದು. ಹಾಗಾಗಿ ‘ಗುಸ್ತಾ ಎಲ್ ಕಫೆ’. ಒಟ್ಟಿಗೆ: ‘ಅ ಮಿಸ್ ಎರ್ಮಾನಾಸ್ ಲೆಸ್ ಗುಸ್ತಾ ಎಲ್ ಕಫೆ’. ತಂಗಿಯರು ಮೂವರಿದ್ದಾರೆ ಎಂದು ಕೈ ತಾನಾಗಿ ‘ಗುಸ್ತಾನ್’ ಬರೆಯಲು ಹೋಗುತ್ತದೆ. ತಡೆಯಿರಿ. ಆ ‘ನ್’ ತಂಗಿಯರದಲ್ಲ.

ಈಗ ತಿರುಗಿಸಿ: ‘ನನ್ನ ತಂಗಿಗೆ ನಾಯಿಗಳು ಇಷ್ಟ’. ತಂಗಿ ಒಬ್ಬಳು, ಆದ್ದರಿಂದ ಲೆ. ನಾಯಿಗಳು ಹಲವು, ಆದ್ದರಿಂದ ಗುಸ್ತಾನ್. ‘ಅ ಮಿ ಎರ್ಮಾನಾ ಲೆ ಗುಸ್ತಾನ್ ಲೋಸ್ ಪೆರ್ರೋಸ್’. ಬರೆದಾದ ಮೇಲೆ ತಪ್ಪು ಹಿಡಿಯಲು ಒಂದು ಉಪಾಯವಿದೆ. ಲೆಸ್‌ನ ‘ಸ್’ನಿಂದ ಬೆರಳಿಟ್ಟು ಎಡಕ್ಕೆ ಹೋಗಿ, ಅಲ್ಲಿ ಬಹುವಚನದ ಜನ ಸಿಗಬೇಕು. ಗುಸ್ತಾನ್‌ನ ‘ನ್’ನಿಂದ ಬಲಕ್ಕೆ ಹೋಗಿ, ಅಲ್ಲಿ ಬಹುವಚನದ ವಸ್ತು ಸಿಗಬೇಕು. ಪದಗಳ ಕ್ರಮ ಬದಲಾದ ವಾಕ್ಯಗಳಲ್ಲಿ ಎಡ-ಬಲ ಅದಲುಬದಲಾಗಬಹುದು. ‘ಸ್’ ಜನರದು, ‘ನ್’ ವಸ್ತುವಿನದು ಎಂಬುದು ಮಾತ್ರ ಬದಲಾಗುವುದಿಲ್ಲ.

ಇಷ್ಟವಾಗುವುದು ಎದುರಿಗಿರುವ ವ್ಯಕ್ತಿಯೇ ಆದರೆ? ‘ನೀನು ನನಗೆ ಇಷ್ಟ ಆಗ್ತೀಯ’ ಎನ್ನುವಾಗ ನಮ್ಮ ‘ಆಗ್ತೀಯ’ ನೀನು ಎಂಬುದಕ್ಕೆ ಹೊಂದಿಕೊಳ್ಳುತ್ತದೆ. ಸ್ಪ್ಯಾನಿಷ್‌ನಲ್ಲೂ ಹಾಗೇ, ‘ಮೆ ಗುಸ್ತಾಸ್’. ಆದರೆ ಇದು ಪ್ರೀತಿಯ ಮಾತು. ಸಹೋದ್ಯೋಗಿಗೆ ‘ನೀವು ಒಳ್ಳೆಯವರು ಅನಿಸುತ್ತೀರಿ’ ಎನ್ನುವ ಉದ್ದೇಶದಿಂದ ಇದನ್ನು ಹೇಳಬೇಡಿ. ಸ್ನೇಹಕ್ಕೆ ‘ಮೆ ಕಾಎಸ್ ಬಿಯೆನ್’ ಎನ್ನುತ್ತಾರೆ.

ಇದೇ ಅಚ್ಚಿನ ಇತರ ಕ್ರಿಯಾಪದಗಳು

ಎಂಕಂತಾರ್ ಎಂದರೆ ತುಂಬಾ ಇಷ್ಟವಾಗುವುದು. ‘ತುಂಬಾ’ ಅದರೊಳಗೇ ಇರುವುದರಿಂದ ಅದಕ್ಕೆ ‘ಮೂಚೋ’ ಸೇರಿಸುವುದಿಲ್ಲ. ಫಾಲ್ತಾರ್ ಎಂದರೆ ಕಡಿಮೆ ಬೀಳುವುದು: ‘ಮೆ ಫಾಲ್ತಾನ್ ದೋಸ್ ಲೀಬ್ರೋಸ್’, ನನಗೆ ಎರಡು ಪುಸ್ತಕ ಕಡಿಮೆ ಇವೆ. ಕನ್ನಡದಲ್ಲಿ ‘ಎರಡು ಪುಸ್ತಕ’ ಎಂದರೆ ಸಾಕು, ಅಲ್ಲಿ ಲೀಬ್ರೋಸ್ ಎಂಬ ಬಹುವಚನವೂ ಬೇಕು, ಫಾಲ್ತಾನ್ ಎಂಬ ‘ನ್’ ಕೂಡ ಬೇಕು.

ಪ್ರಯಾಣದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ದೊಲೇರ್, ಅಂದರೆ ನೋಯುವುದು. ಇದರ ರೂಪ ದುವೆಲೆ, ದುವೆಲೆನ್ ಎಂದಾಗುತ್ತದೆ. ‘ನನ್ನ ತಲೆ’ ಎಂದು ಹೇಳುವ ಅಗತ್ಯವಿಲ್ಲ, ‘ಮೆ’ ಬಂದರೆ ತಲೆ ಯಾರದೆಂದು ತಿಳಿಯುತ್ತದೆ: ‘ಮೆ ದುವೆಲೆ ಲಾ ಕಬೆಸಾ’. ‘ನನಗೆ ಕಾಲು ನೋವು’ ಎಂದು ಕನ್ನಡದಲ್ಲಿ ಹೇಳಿದರೆ ಒಂದು ಕಾಲೋ ಎರಡೋ ಎಂದು ಡಾಕ್ಟರು ಕೇಳಬೇಕಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಒಂದು ಪಾದವಾದರೆ ‘ಮೆ ದುವೆಲೆ ಎಲ್ ಪಿಯೆ’, ಎರಡೂ ಆದರೆ ‘ಮೆ ದುವೆಲೆನ್ ಲೋಸ್ ಪಿಯೆಸ್’. ಬಾಯಿ ತೆರೆಯುವ ಮೊದಲು ನೋಯುವ ಪಾದಗಳನ್ನು ಎಣಿಸಿಕೊಳ್ಳಿ.